ಧಾರಾವಾಹಿಯಿಂದ ಸಿನಿಮಾಕ್ಕೆ, ಮತ್ತೆ ಮನೆಯಂಗಳಕ್ಕೆ

‘ಕೆಜಿಎಫ್’ ನೋಡಿದವರಿಗೆಲ್ಲ ಆ ದೃಶ್ಯ ನೆನಪಿರುತ್ತದೆ. ಟಿವಿ ವಾಹಿನಿಯ ಸಂಪಾದಕಿಯಾಗಿ ಮಾಳವಿಕಾ ಅವಿನಾಶ್ ಪ್ರಶ್ನೆ ಕೇಳುತ್ತಾರೆ, ಎದುರು ಕುಳಿತವರು ರಾಕಿಯ ಕಥೆ ಹೇಳುತ್ತಾರೆ. 2018ರ ಮೊದಲ ಭಾಗದಲ್ಲಿ ಕಥೆ ಹೇಳಿದವರು ಅನಂತ್ ನಾಗ್, 2022ರ ಎರಡನೇ ಭಾಗದಲ್ಲಿ ಪ್ರಕಾಶ್ ರೈ. ಇವರೆಲ್ಲರನ್ನೂ ಕಿರುತೆರೆಯಲ್ಲಿ ಕಂಡ ನೆನಪು ಕನ್ನಡಿಗರಿಗಿದೆ. ಅನಂತ್ ನಾಗ್ ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ನಲ್ಲಿದ್ದರು. ಪ್ರಕಾಶ್ ರೈ ದೂರದರ್ಶನದ ‘ಗುಡ್ಡದ ಭೂತ’ದಲ್ಲಿ ನಟಿಸಿದವರು. ಮಾಳವಿಕಾ ಮನೆಮಾತಾದದ್ದು ಟಿ.ಎನ್. ಸೀತಾರಾಮ್ ಅವರ ‘ಮಾಯಾಮೃಗ’ದಿಂದ. ಇನ್ನು ರಾಕಿಯಾದ ಯಶ್ ‘ನಂದಗೋಕುಲ’ದ ಹುಡುಗ.

ಅದೇ ‘ನಂದಗೋಕುಲ’ದಲ್ಲಿ ರಾಧಿಕಾ ಪಂಡಿತ್ ಕೂಡ ಇದ್ದರು. ಧಾರಾವಾಹಿಯ ಸೆಟ್‌ನಲ್ಲಿ ಪರಿಚಯವಾದ ಇಬ್ಬರೂ 2008ರಲ್ಲಿ ಶಶಾಂಕ್ ನಿರ್ದೇಶನದ ‘ಮೊಗ್ಗಿನ ಮನಸು’ ಚಿತ್ರದಲ್ಲಿ ಜೊತೆಯಾದರು. ಆ ಚಿತ್ರಕ್ಕೆ ಇಬ್ಬರಿಗೂ ಫಿಲ್ಮ್‌ಫೇರ್ ಪ್ರಶಸ್ತಿ ಬಂತು: ರಾಧಿಕಾ ಅತ್ಯುತ್ತಮ ನಟಿ, ಯಶ್ ಅತ್ಯುತ್ತಮ ಪೋಷಕ ನಟ. 2016ರ ಡಿಸೆಂಬರ್‌ನಲ್ಲಿ ಮದುವೆಯಾದರು.

ಇಂಥ ಪಯಣಗಳ ಬಗ್ಗೆ ರಸಪ್ರಶ್ನೆ ಕೇಳುವವರು ಹೆಚ್ಚಾಗಿ ಎಡವುವುದು ‘ಮೊದಲ ಚಿತ್ರ ಯಾವುದು’ ಎಂಬಲ್ಲಿ. ಯಶ್ ಎಂದರೆ ‘ಮೊಗ್ಗಿನ ಮನಸು’ ಎನ್ನುವವರೇ ಹೆಚ್ಚು, ಆದರೆ ಅದಕ್ಕೂ ಒಂದು ವರ್ಷ ಮುಂಚೆ ‘ಜಂಬದ ಹುಡುಗಿ’ಯಲ್ಲಿ ಅವರು ಬಂದುಹೋಗಿದ್ದರು. ಉದಯ ಟಿವಿಯ ‘ಕಾಮಿಡಿ ಟೈಮ್’ ನಡೆಸಿಕೊಡುತ್ತಿದ್ದ ಗಣೇಶ್ ನಾಯಕರಾದದ್ದು ‘ಮುಂಗಾರು ಮಳೆ’ಯಿಂದಲ್ಲ, ಅದೇ 2006ರಲ್ಲಿ ಅದಕ್ಕಿಂತ ಮೊದಲೇ ತೆರೆಕಂಡ ‘ಚೆಲ್ಲಾಟ’ದಿಂದ. ‘ಪ್ರೇಮದ ಕಾದಂಬರಿ’ ಧಾರಾವಾಹಿಯ ಸುದೀಪ್ ‘ಸ್ಪರ್ಶ’ಕ್ಕೂ ಮೊದಲು, 1997ರಲ್ಲಿ, ಉಮಾಶ್ರೀ ಪ್ರಮುಖ ಪಾತ್ರದಲ್ಲಿದ್ದ ‘ತಾಯವ್ವ’ದಲ್ಲಿ ನಟಿಸಿದ್ದರು. ಗೆದ್ದ ಚಿತ್ರ ಅದಕ್ಕೂ ಹಿಂದಿನದನ್ನು ಜನರ ನೆನಪಿನಿಂದ ಅಳಿಸಿಬಿಡುತ್ತದೆ.

ಹೋದವರು ಮರಳಿ ಬರುವ ಬಗೆಯಲ್ಲೂ ಒಂದು ಜಾಡು ಕಾಣುತ್ತದೆ. ನಾಯಕರು ಬಹುತೇಕ ವಾರಾಂತ್ಯದ ನಿರೂಪಕರಾಗಿ ಬರುತ್ತಾರೆ. ಸುದೀಪ್ 2013ರಲ್ಲಿ ‘ಬಿಗ್ ಬಾಸ್’ಗೆ ಬಂದರು, ಗಣೇಶ್ ‘ಸೂಪರ್ ಮಿನಿಟ್’, ‘ಗೋಲ್ಡನ್ ಗ್ಯಾಂಗ್’ ನಡೆಸಿಕೊಟ್ಟರು. ಧಾರಾವಾಹಿಯನ್ನೇ ಮಾಡದ ಪುನೀತ್ ರಾಜ್‌ಕುಮಾರ್ ಕೂಡ ‘ಕನ್ನಡದ ಕೋಟ್ಯಧಿಪತಿ’ಯ ಮೂಲಕ ಮನೆಮನೆಗೆ ಬಂದರು.

ಇದಕ್ಕೆ ಮುಖ್ಯ ಕಾರಣ ಡೇಟ್ಸ್. ದಿನವೂ ಪ್ರಸಾರವಾಗುವ ಧಾರಾವಾಹಿಗೆ ಮುಖ್ಯ ಪಾತ್ರಧಾರಿ ತಿಂಗಳಲ್ಲಿ ಹದಿನೈದು, ಇಪ್ಪತ್ತು ದಿನ ಬೇಕು. ಸಿನಿಮಾದ ಔಟ್‌ಡೋರ್ ಶೂಟಿಂಗ್ ಬಂದರೆ ಮುಂಚಿತವಾಗಿ ತೆಗೆದಿಟ್ಟ ಸಂಚಿಕೆಗಳು ಬೇಗ ಮುಗಿಯುತ್ತವೆ. ಆಗ ಬರಹಗಾರರು ಆ ಪಾತ್ರವನ್ನು ಪರವೂರಿಗೆ ಕಳಿಸುತ್ತಾರೆ, ಇಲ್ಲವೇ ಆಸ್ಪತ್ರೆಗೆ ಸೇರಿಸುತ್ತಾರೆ. ಕಥೆಯಲ್ಲಿ ಯಾವ ಕಾರಣವೂ ಇಲ್ಲದೆ ನಾಯಕ ದಿಢೀರನೆ ಊರು ಬಿಟ್ಟರೆ ನಟನ ಡೇಟ್ಸ್ ಕೈಕೊಟ್ಟಿರಬಹುದೆಂದು ಹಳೆಯ ವೀಕ್ಷಕರು ಊಹಿಸುತ್ತಾರೆ. ಅದೂ ಸಾಲದಿದ್ದರೆ ಪಾತ್ರಕ್ಕೆ ಬೇರೆ ಮುಖವೇ ಬರುತ್ತದೆ. ನಿರೂಪಣೆಯಲ್ಲಿ ಈ ತಾಪತ್ರಯ ಕಡಿಮೆ. ವಾರಕ್ಕೆ ಒಂದೆರಡು ದಿನ ಕೊಟ್ಟರೆ ಸಾಕು, ಉಳಿದ ದಿನ ಸಿನಿಮಾಕ್ಕೆ.

ನಾಯಕಿಯರ ದಾರಿಯೇ ಬೇರೆ. ವಯಸ್ಸಾದ ನಾಯಕನಿಗೆ ಸಿನಿಮಾದಲ್ಲಿ ಮುಖ್ಯ ಪಾತ್ರ ಸಿಗುತ್ತಲೇ ಇರುತ್ತದೆ, ಅದೇ ವಯಸ್ಸಿನ ನಟಿಗೆ ತಾಯಿಯ ನಾಲ್ಕು ದೃಶ್ಯ. ಧಾರಾವಾಹಿಯಲ್ಲಿ ಆ ತಾಯಿಯೇ ಕಥೆಯ ಕೇಂದ್ರವಾಗಬಲ್ಲಳು. ‘ಗುಲಾಬಿ ಟಾಕೀಸ್’ಗೆ ರಾಷ್ಟ್ರಪ್ರಶಸ್ತಿ ಪಡೆದ ಉಮಾಶ್ರೀ 2021ರ ಡಿಸೆಂಬರ್‌ನಲ್ಲಿ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಗೆ ಬಂದು, ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕುವ ಪುಟ್ಟಕ್ಕನಾದರು. 1986ರ ‘ಆನಂದ್’ನಲ್ಲಿ ಶಿವರಾಜ್‌ಕುಮಾರ್ ಎದುರು ನಾಯಕಿಯಾಗಿದ್ದ ಸುಧಾರಾಣಿ, 2022ರಲ್ಲಿ ಶುರುವಾದ ‘ಶ್ರೀರಸ್ತು ಶುಭಮಸ್ತು’ವಿನಲ್ಲಿ ನಡುವಯಸ್ಸಿನಲ್ಲಿ ಮರುಮದುವೆಯಾಗುವ ತುಳಸಿಯಾದರು. ಇಷ್ಟು ತೂಕದ ಪಾತ್ರ ಆ ವಯಸ್ಸಿನ ನಟಿಗೆ ದೊಡ್ಡ ಪರದೆಯಲ್ಲಿ ಸಿಗುವುದು ಅಪರೂಪ.

ಈ ಜಾಡು ಎಲ್ಲರಿಗೂ ಅನ್ವಯಿಸುವುದಿಲ್ಲ. ಸಿನಿಮಾ ನಾಯಕರಾಗಿದ್ದ ಅನಿರುದ್ಧ್ 2019ರಲ್ಲಿ ‘ಜೊತೆ ಜೊತೆಯಲಿ’ಯ ನಾಯಕರಾಗಿಯೇ ಬಂದರು. ‘ಪುಟ್ಟಗೌರಿ ಮದುವೆ’ಯ ರಂಜನಿ ರಾಘವನ್ 2017ರಲ್ಲಿ ‘ರಾಜಹಂಸ’ ಚಿತ್ರ ಮಾಡಿ, 2020ರಲ್ಲಿ ‘ಕನ್ನಡತಿ’ಗೆ ಬಂದರು. ಅಲ್ಲಿ ಅವರು ಅಮ್ಮನಾಗಲಿಲ್ಲ, ಅತಿಥಿಯೂ ಆಗಲಿಲ್ಲ. ಕನ್ನಡ ಪಾಠ ಹೇಳುವ ಭುವನೇಶ್ವರಿಯಾಗಿ 2023ರವರೆಗೂ ನಾಯಕಿಯಾಗಿಯೇ ಇದ್ದರು.