ಜೆಪಿಜಿ ಫೋಟೊಗಳನ್ನು ಪಿಡಿಎಫ್ ಮಾಡಿದರೆ ಅಕ್ಷರ ಮಸುಕಾಗುತ್ತದೆಯೇ?

“ಜೆಪಿಜಿ ಫೋಟೊವನ್ನು ಪಿಡಿಎಫ್ ಮಾಡಿದ ಕೂಡಲೇ ಕ್ವಾಲಿಟಿ ಅರ್ಧಕ್ಕೆ ಇಳಿಯುತ್ತದೆ. ಮೊದಲು ಪಿಎನ್‌ಜಿ ಮಾಡಿಕೊಂಡು ಆಮೇಲೆ ಪಿಡಿಎಫ್ ಮಾಡಿ” ಎಂಬ ಸಲಹೆ ಫ್ಯಾಮಿಲಿ ಗ್ರೂಪುಗಳಲ್ಲಿ ಆಗಾಗ ಸುತ್ತುತ್ತಿರುತ್ತದೆ. ಇದು ನಿಜವೇ ಎಂದು ಕೇಳಿದವರು ಜರಗನಹಳ್ಳಿಯ ಓದುಗರೊಬ್ಬರು. ಅವರ ತಂದೆ ಕೊಂಡ ಸೈಟಿನ ಹಳೆಯ ಕ್ರಯಪತ್ರ ಒಟ್ಟು 18 ಪುಟ, ಛಾಪಾ ಕಾಗದದ ಮೇಲೆ ಕೈಬರಹ. ವಿಳಾಸ ಹಳೆಯ ರೀತಿಯದ್ದು: ಜರಗನಹಳ್ಳಿ ಗ್ರಾಮ, ಉತ್ತರಹಳ್ಳಿ ಹೋಬಳಿ, ಬೆಂಗಳೂರು ದಕ್ಷಿಣ ತಾಲ್ಲೂಕು. ಕಾಗದ ಮಡಿಕೆಯಲ್ಲಿ ಹರಿಯತೊಡಗಿದ್ದರಿಂದ ಪುಟಪುಟವಾಗಿ ಫೋಟೊ ತೆಗೆದು ಒಂದೇ ಪಿಡಿಎಫ್ ಮಾಡಿಸಿದರು. ವಕೀಲರು ಅದನ್ನು ದೊಡ್ಡದು ಮಾಡಿ ನೋಡಿ, “ಈ ಸರ್ವೆ ನಂಬರಿನ ಕೊನೆಯ ಅಂಕಿ ೬ ಅಥವಾ ೯? ಗೊತ್ತಾಗುತ್ತಿಲ್ಲ” ಎಂದರಂತೆ. ಮೂಲ ಕಾಗದದಲ್ಲಿ ಅದು ಸ್ಪಷ್ಟವಾಗಿಯೇ ಇತ್ತು.

ನಮ್ಮ ಉತ್ತರ ಇಷ್ಟು: ಪಿಡಿಎಫ್ ಮಾಡುವುದರಿಂದ ಫೋಟೊ ಹಾಳಾಗಲೇಬೇಕು ಎಂದೇನಿಲ್ಲ. ಹಾಳು ಮಾಡುವುದು ಪಿಡಿಎಫ್ ಮಾಡುವ ದಾರಿಯಲ್ಲಿ ನಡೆಯುವ ಇನ್ನೊಂದು ಕೆಲಸ. ಪಿಎನ್‌ಜಿ ಮಾಡಿಕೊಳ್ಳಿ ಎಂಬ ಸಲಹೆಯಂತೂ ತಪ್ಪು.

ಜೆಪಿಜಿ ಹೇಗೆ ಕೆಲಸ ಮಾಡುತ್ತದೆ ಎಂದು ಸ್ವಲ್ಪ ತಿಳಿದರೆ ಇದು ಅರ್ಥವಾಗುತ್ತದೆ. ಅದರೊಳಗಿನ ಲೆಕ್ಕಕ್ಕೆ ನಮ್ಮ ಊರಿನ ನಂಟೂ ಇದೆ. ಬೆಂಗಳೂರಿನಲ್ಲಿ ಹುಟ್ಟಿ, ಕೆ.ಆರ್. ವೃತ್ತದ ಯುವಿಸಿಇಯಲ್ಲಿ ಓದಿ ಅಮೆರಿಕಕ್ಕೆ ಹೋದ ನಾಸಿರ್ ಅಹ್ಮದ್ ಅವರು ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಜೊತೆ 1974ರಲ್ಲಿ ಪ್ರಕಟಿಸಿದ ‘ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್’ ಎಂಬ ಗಣಿತವೇ ಇಂದಿನ ಜೆಪಿಜಿಯ ಬೆನ್ನೆಲುಬು. ಫೋಟೊವನ್ನು ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರದ ಚಿಕ್ಕ ಚಿಕ್ಕ ಚೌಕಗಳಾಗಿ ಕತ್ತರಿಸುತ್ತಾರೆ. ಒಂದೊಂದು ಚೌಕದಲ್ಲೂ ನಿಧಾನವಾಗಿ ಬದಲಾಗುವ ಬೆಳಕು ಎಷ್ಟು, ಚೂಪಾದ ಗೆರೆ ಎಷ್ಟು ಎಂದು ಲೆಕ್ಕ ಹಾಕುತ್ತಾರೆ. ಆಮೇಲೆ ಆ ಸಂಖ್ಯೆಗಳನ್ನು ದುಂಡು ಮಾಡುತ್ತಾರೆ, ಅಂಗಡಿಯವರು 97 ರೂಪಾಯಿಯನ್ನು 100 ಎಂದು ಬರೆದುಕೊಳ್ಳುವಂತೆ. ಚೂಪಾದ ಗೆರೆಗಳ ಸಂಖ್ಯೆಗಳನ್ನು ಹೆಚ್ಚು ಒರಟಾಗಿ ದುಂಡು ಮಾಡುವುದರಿಂದ ಎಷ್ಟೋ ಸಂಖ್ಯೆಗಳು ಸೊನ್ನೆಯೇ ಆಗಿಬಿಡುತ್ತವೆ. ಫೈಲ್ ಚಿಕ್ಕದಾಗುವುದು ಮುಖ್ಯವಾಗಿ ಇಲ್ಲಿ, ಮಾಹಿತಿ ಕಳೆಯುವುದೂ ಇಲ್ಲಿಯೇ. ಮುಖ, ಆಕಾಶ, ಮರಗಳ ಚಿತ್ರದಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ಬಿಳಿ ಕಾಗದದ ಮೇಲಿನ ತೆಳು ಶಾಯಿ ಗೆರೆಗೆ ಮಾತ್ರ ಇದು ಹೊಡೆತ, ಏಕೆಂದರೆ ಅಕ್ಷರ ಎಂದರೆ ಬರೀ ಚೂಪು ಗೆರೆ.

ಕಳೆದದ್ದು ಕಳೆದೇ ಹೋಯಿತು. ಹಾಗಾಗಿ ಜೆಪಿಜಿಯನ್ನು ಬಿಚ್ಚಿ ಪಿಎನ್‌ಜಿ ಮಾಡಿದರೆ ಹೋದ ಗೆರೆ ವಾಪಸ್ ಬರುವುದಿಲ್ಲ, ಫೈಲ್ ಮಾತ್ರ ಹಲವು ಪಟ್ಟು ದಪ್ಪವಾಗುತ್ತದೆ. ಆ ದಪ್ಪ ಫೈಲನ್ನು ಸಣ್ಣ ಮಾಡಲು ಯಾವುದಾದರೂ ಆ್ಯಪ್ ಮತ್ತೆ ಜೆಪಿಜಿಗೆ ಅದುಮಿದರೆ ಎರಡನೇ ಸಲ ನಷ್ಟ.

ಪಿಡಿಎಫ್ ವಿಷಯ ಬೇರೆ. ಪಿಡಿಎಫ್ ಒಂದು ಲಕೋಟೆಯ ಹಾಗೆ. ಜೆಪಿಜಿ ಫೈಲನ್ನು ಒಂದು ಬೈಟ್ ಕೂಡ ಬದಲಿಸದೆ ಒಳಗಿಡಲು ಅದರ ನಿಯಮದಲ್ಲೇ ಅವಕಾಶವಿದೆ, `DCTDecode` ಎಂಬ ಗುರುತು ಹಾಕಿ ಇಟ್ಟರೆ ಆಯಿತು. ಲಕೋಟೆಗೆ ಹಾಕುವ ಮೊದಲು ಚಿತ್ರವನ್ನು ಬಿಚ್ಚಿ, ಕುಗ್ಗಿಸಿ, ಮತ್ತೆ ಅದುಮುವುದು ಆಯಾ ಆ್ಯಪ್‌ನ ಆಯ್ಕೆ. ಹಲವು ಆ್ಯಪ್‌ಗಳು ಹೇಳದೆ ಕೇಳದೆ ಅದನ್ನೇ ಮಾಡುತ್ತವೆ. ಗ್ಯಾಲರಿಯಿಂದ ‘ಪ್ರಿಂಟ್’ ಒತ್ತಿ ಪಿಡಿಎಫ್ ಆಗಿ ಉಳಿಸುವ ದಾರಿಯಲ್ಲೂ ಚಿತ್ರ ಕುಗ್ಗುವುದು ಸಾಮಾನ್ಯ. ಲಿನಕ್ಸ್ ಬಳಸುವವರು ಚಿತ್ರಗಳನ್ನು ಪಿಡಿಎಫ್ ಮಾಡಲು ಹೊಡೆಯುವ `convert` ಕಮಾಂಡ್ ಕೂಡ ಜೆಪಿಜಿಯನ್ನು ಬಿಚ್ಚಿ ಮತ್ತೆ ಅದುಮುತ್ತದೆ.

ಜರಗನಹಳ್ಳಿಯ ಕ್ರಯಪತ್ರಕ್ಕೆ ಆದದ್ದೇನು ಎಂದು ಹಿಂದಕ್ಕೆ ಹೋಗಿ ನೋಡಿದೆವು. ಫೋನಿನಲ್ಲಿ 18 ಫೋಟೊಗಳು ಸೇರಿ 61 ಎಂಬಿ ಇದ್ದವು, ಒಂದೊಂದೂ 4000 ಚುಕ್ಕಿ ಎತ್ತರ, 3000 ಚುಕ್ಕಿ ಅಗಲ. ಅವರು ಅವನ್ನು ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಫೋಟೊಗಳಾಗಿ ಅಂಗಡಿಗೆ ಕಳಿಸಿದ್ದರು. ಹಾಗೆ ಕಳಿಸಿದಾಗ ಉದ್ದದ ಬದಿ 1600 ಚುಕ್ಕಿಯ ಆಸುಪಾಸಿಗೆ ಇಳಿಯುತ್ತದೆ. ಅಂಗಡಿಯಿಂದ ಬಂದ ಪಿಡಿಎಫ್ ಬರೀ 4 ಎಂಬಿ. ಅಂದರೆ ಅಂಗಡಿಯವರು ಕೈ ಹಾಕುವ ಮೊದಲೇ ಚಿತ್ರ ಸೊರಗಿತ್ತು.

ಇದನ್ನು ಅಂಕಿಗೆ ಅನ್ವಯಿಸಿ ನೋಡಿ. ಛಾಪಾ ಕಾಗದದ ಉದ್ದ ಸುಮಾರು 14 ಇಂಚು. ಮೂಲ ಫೋಟೊದಲ್ಲಿ ಇಂಚಿಗೆ ಸುಮಾರು 285 ಚುಕ್ಕಿ ಬೀಳುತ್ತವೆ, ಹಾಗಾಗಿ 3 ಮಿಲಿಮೀಟರ್ ಎತ್ತರದ ಒಂದು ಅಂಕಿಗೆ 34 ಚುಕ್ಕಿ ಸಿಗುತ್ತವೆ. ಕುಗ್ಗಿಸಿದ ಫೋಟೊದಲ್ಲಿ ಅದೇ ಅಂಕಿಗೆ ಸಿಗುವುದು 13 ಚುಕ್ಕಿ. ಎಂಟು ಚುಕ್ಕಿಯ ಚೌಕ ಎಂದೆವಲ್ಲ, ಇಡೀ ಅಂಕಿ ಎರಡು ಚೌಕದ ಎತ್ತರವನ್ನೂ ತುಂಬುವುದಿಲ್ಲ. ೬ ಮತ್ತು ೯ರ ನಡುವಿನ ವ್ಯತ್ಯಾಸ ಬಾಲದ ಚಿಕ್ಕ ತಿರುವಿನಲ್ಲಿದೆ. ಆ ತಿರುವಿಗೆ ಉಳಿದದ್ದು ಎರಡೋ ಮೂರೋ ಚುಕ್ಕಿ, ಅದೂ ದುಂಡು ಮಾಡಿದ ಲೆಕ್ಕದಲ್ಲಿ. ಒತ್ತಕ್ಷರಗಳಿಗೂ ಇದೇ ಗತಿ.

ಆದ್ದರಿಂದ ಮೊದಲ ಕೆಲಸ ಫೋಟೊಗಳನ್ನು ಸಾಗಿಸುವುದನ್ನು ಸರಿಪಡಿಸುವುದು. ಯುಎಸ್‌ಬಿ ಕೇಬಲ್ ಹಾಕಿ ಕಾಪಿ ಮಾಡಿ. ಅಥವಾ ವಾಟ್ಸ್‌ಆ್ಯಪ್‌ನಲ್ಲೇ ಕಳಿಸುವುದಾದರೆ ಗ್ಯಾಲರಿ ಗುರುತನ್ನು ಬಿಟ್ಟು `Document` ಆರಿಸಿ, ಅಲ್ಲಿಂದ ಫೈಲ್ ಹುಡುಕಿ ಕಳಿಸಿ. ಆಗ ಫೈಲ್ ಇದ್ದ ಹಾಗೆಯೇ ತಲುಪುತ್ತದೆ. ಐಫೋನ್ ಇರುವವರು ಫೋಟೊ ತೆಗೆಯುವ ಮೊದಲು ಕ್ಯಾಮೆರಾ ಸೆಟ್ಟಿಂಗ್ಸ್‌ನ `Formats`ನಲ್ಲಿ `Most Compatible` ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ಫೋಟೊ `HEIC` ರೂಪದಲ್ಲಿ ಉಳಿಯುತ್ತದೆ. ಅದನ್ನು ಪಿಡಿಎಫ್ ಲಕೋಟೆಗೆ ನೇರವಾಗಿ ಹಾಕಲಾಗದು, ಜೆಪಿಜಿಗೆ ಬದಲಿಸುವಾಗ ಒಂದು ಸಲ ನಷ್ಟ ಆಗಿಯೇ ಆಗುತ್ತದೆ.

ಎರಡನೆಯದು ಪಿಡಿಎಫ್ ಮಾಡುವುದು. ನಾವು ಬಳಸಿದ್ದು `img2pdf` ಎಂಬ ಉಚಿತ ತಂತ್ರಾಂಶ. ಮನೆಯಲ್ಲಿ ಓದುವ ಮಕ್ಕಳ ಲ್ಯಾಪ್‌ಟಾಪಿನಲ್ಲಿ ಉಬುಂಟು ಇದ್ದರೆ ಇಷ್ಟೇ ಸಾಕು:

```
sudo apt install img2pdf poppler-utils
cd ~/kraya
img2pdf --pagesize A4 -o kraya.pdf *.jpg
```

ಇಲ್ಲಿ `kraya` ಎಂಬುದು ಫೋಟೊಗಳಿರುವ ಫೋಲ್ಡರ್. `--pagesize A4` ಏಕೆ ಬೇಕು ಎಂದರೆ, ಎಷ್ಟೋ ಫೋನುಗಳು ಫೋಟೊದೊಳಗೆ ಇಂಚಿಗೆ 72 ಚುಕ್ಕಿ ಎಂದು ಬರೆದಿಟ್ಟಿರುತ್ತವೆ. ಅದನ್ನು ನಂಬಿದರೆ 4000 ಚುಕ್ಕಿಯ ಫೋಟೊಗೆ ನಾಲ್ಕೂವರೆ ಅಡಿ ಮೀರಿದ ಪುಟ ಸಿದ್ಧವಾಗುತ್ತದೆ! ಎ4 ಎಂದು ಹೇಳಿದರೆ ಪುಟದ ಅಳತೆ ಮಾತ್ರ ಬದಲಾಗುತ್ತದೆ, ಒಳಗಿನ ಚುಕ್ಕಿಗಳು ಅಷ್ಟೇ ಇರುತ್ತವೆ. ದಿಕ್ಕಿನ ಬಗ್ಗೆ `Invalid rotation` ಎಂಬ ದೂರು ಬಂದರೆ ಅದೇ ಸಾಲಿನಲ್ಲಿ `--rotation=ifvalid` ಸೇರಿಸಿ. ಪುಟಗಳ ಕ್ರಮದ ಮೇಲೂ ಕಣ್ಣಿರಲಿ. ಫೈಲಿನ ಹೆಸರು 1, 2, 10 ಎಂದಿದ್ದರೆ 10 ಬಂದು 2ರ ಮುಂದೆ ಕೂರುತ್ತದೆ. 01, 02 ಎಂದು ಹೆಸರಿಟ್ಟರೆ ಗೊಂದಲವಿಲ್ಲ.

ಲ್ಯಾಪ್‌ಟಾಪ್ ಇಲ್ಲದವರು ಏನು ಮಾಡಬೇಕು? ಫೋನಿನ ಆ್ಯಪ್‌ನಲ್ಲಿ ಚಿತ್ರದ ಗುಣಮಟ್ಟಕ್ಕೆ `Original` ಎಂಬ ಆಯ್ಕೆ ಇದ್ದರೆ ಅದನ್ನು ಇಡಿ, ಆದರೆ ಆ ಮಾತನ್ನು ಹಾಗೇ ನಂಬಬೇಡಿ, ತೂಗಿ ನೋಡಿ. ಫೋಟೊಗಳ ಗಾತ್ರವನ್ನೆಲ್ಲ ಕೂಡಿಸಿ, ಪಿಡಿಎಫ್‌ನ ಗಾತ್ರದ ಪಕ್ಕ ಇಡಿ. ಲಕೋಟೆಯ ತೂಕ ಪುಟಕ್ಕೆ ಒಂದೆರಡು ಕೆಬಿಗಿಂತ ಹೆಚ್ಚಿರುವುದಿಲ್ಲ, ಆದ್ದರಿಂದ ಎರಡೂ ಹತ್ತಿರ ಹತ್ತಿರ ಒಂದೇ ಆಗಿರಬೇಕು. 61 ಎಂಬಿ ಹಾಕಿ 9 ಎಂಬಿ ಹೊರಬಂದರೆ ಚಿತ್ರವನ್ನು ಮತ್ತೆ ಅದುಮಲಾಗಿದೆ. 61 ಹಾಕಿ 300 ಬಂದರೆ ಆ್ಯಪ್ ಜೆಪಿಜಿಯನ್ನು ಬಿಚ್ಚಿ ಹಾಗೇ ತುಂಬಿದೆ, ಗೆರೆ ಹಾಳಾಗಿಲ್ಲದಿರಬಹುದು, ಆದರೆ ಜಾಗ ದಂಡ. ಅಂಗಡಿಯಲ್ಲಿ ಮಾಡಿಸಿದರೂ ಇದೇ ಪರೀಕ್ಷೆ. ಕ್ರಯಪತ್ರದಂಥದ್ದನ್ನು ಗೊತ್ತಿಲ್ಲದ ವೆಬ್‌ಸೈಟಿಗೆ ಏರಿಸಿ ಪಿಡಿಎಫ್ ಮಾಡಿಸುವುದು ನಮಗೆ ಸರಿ ಕಾಣುವುದಿಲ್ಲ.

ಗಾತ್ರ ಒಂದೇ ಇರುವುದು ಒಳ್ಳೆಯ ಸುಳಿವು, ಸಾಕ್ಷಿಯಲ್ಲ. ಸಾಕ್ಷಿಯೇ ಬೇಕೆಂದರೆ ಪಿಡಿಎಫ್‌ನಿಂದ ಚಿತ್ರಗಳನ್ನು ವಾಪಸ್ ತೆಗೆದು ಮೂಲದ ಜೊತೆ ಹೋಲಿಸಬೇಕು:

```
pdfimages -all kraya.pdf tega
sha256sum *.jpg | sort
```

ಮೊದಲ ಸಾಲು `tega-000.jpg`, `tega-001.jpg` ಎಂಬ ಹೆಸರಿನಲ್ಲಿ ಚಿತ್ರಗಳನ್ನು ಹೊರತೆಗೆಯುತ್ತದೆ. ಎರಡನೆಯದು ಪ್ರತಿ ಫೈಲಿಗೂ ಒಂದು ಉದ್ದನೆಯ ಗುರುತು ಸಂಖ್ಯೆ ಕೊಡುತ್ತದೆ. ಫೈಲಿನಲ್ಲಿ ಒಂದು ಬೈಟ್ ಬದಲಾದರೂ ಈ ಸಂಖ್ಯೆ ಪೂರ್ತಿ ಬದಲಾಗುತ್ತದೆ. ಜರಗನಹಳ್ಳಿಯ ಫೋಟೊಗಳಲ್ಲಿ 36 ಸಾಲು ಬಂದವು, ಮೂಲದ್ದೊಂದು ಹೊರತೆಗೆದದ್ದೊಂದು ಜೋಡಿಯಾಗಿ, ಹದಿನೆಂಟೂ ಜೋಡಿ ತಾಳೆಯಾದವು.

ಇಲ್ಲಿ ಒಂದು ಎಚ್ಚರಿಕೆ. ಏನೂ ಬದಲಾಗಿಲ್ಲ ಎಂದರೆ ಫೋಟೊದೊಳಗೆ ಫೋನ್ ಬರೆದಿಟ್ಟ ದಿನಾಂಕ, ಸಮಯ, ಲೊಕೇಶನ್ ಕೂಡ ಪಿಡಿಎಫ್ ಒಳಗೆ ಹೋಗಿದೆ ಎಂದರ್ಥ. ಹತ್ತು ಜನಕ್ಕೆ ಹೋಗುವ ಕಡತವಾದರೆ ಫೋಟೊ ತೆಗೆಯುವಾಗಲೇ ಕ್ಯಾಮೆರಾದ ಲೊಕೇಶನ್ ಆಫ್ ಮಾಡಿಕೊಳ್ಳಿ.

ಸ್ಕ್ಯಾನರ್ ಆ್ಯಪ್‌ಗಳ ಕಪ್ಪು-ಬಿಳುಪು ಮೋಡ್ ಚೆನ್ನಾಗಿ ಕಾಣುತ್ತದಲ್ಲ ಎಂದು ಕೇಳಬಹುದು. ಕಾಣುತ್ತದೆ, ಆದರೆ ಮಾಸಿದ ಶಾಯಿ ಮತ್ತು ತಿಳಿ ಬಣ್ಣದ ಮೊಹರು ಅದರಲ್ಲಿ ಮಾಯವಾಗಬಹುದು. ಜೆಪಿಜಿ ನಷ್ಟವಾದರೆ ಅಂಕಿ ಮಸುಕಾಗುತ್ತದೆ, ಅನುಮಾನವಾದರೂ ಹುಟ್ಟುತ್ತದೆ. ಕಪ್ಪು-ಬಿಳುಪಿನ ಒಂದು ಅದುಮುವ ವಿಧಾನದಲ್ಲಿ ಇನ್ನೂ ಕೆಟ್ಟದ್ದು ಆಗಿದೆ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್, ಝೆರಾಕ್ಸ್ ಕಂಪನಿಯ ಕೆಲವು ಯಂತ್ರಗಳು ಸ್ಕ್ಯಾನ್ ಮಾಡುವಾಗ 6 ಇದ್ದ ಕಡೆ 8 ಕೂರಿಸುತ್ತಿದ್ದುದನ್ನು ತೋರಿಸಿದರು. ಒಂದೇ ಥರ ಕಾಣುವ ಆಕಾರಗಳಿಗೆ ಒಂದೇ ಅಚ್ಚು ಬಳಸುವ ವಿಧಾನವದು. ತಪ್ಪು ಅಂಕಿಯೂ ಸ್ಫುಟವಾಗಿಯೇ ಇತ್ತು.

ಇನ್ನು ಸರ್ಕಾರಿ ಜಾಲತಾಣಗಳಲ್ಲಿ ಅಪ್‌ಲೋಡ್ ಮಿತಿ ಇರುತ್ತದೆ, 61 ಎಂಬಿಯ ಫೈಲನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಆಗ ಕುಗ್ಗಿಸುವುದು ಅನಿವಾರ್ಯ, ಆದರೆ ಕುಗ್ಗಿಸಬೇಕಾದದ್ದು ನಕಲನ್ನು, ಅದೂ ಮೂಲ ಫೋಟೊಗಳಿಂದ ಒಂದೇ ಸಲ. ಕಳೆದ ಬಾರಿ ಕುಗ್ಗಿಸಿದ ಫೈಲನ್ನೇ ಮತ್ತೆ ಕುಗ್ಗಿಸಬೇಡಿ. ನಮ್ಮ ಓದುಗರು ದೊಡ್ಡ ಪಿಡಿಎಫ್ ಅನ್ನು ಪೆನ್‌ಡ್ರೈವ್‌ನಲ್ಲಿ ವಕೀಲರಿಗೆ ಕೊಟ್ಟರು. ಸರ್ವೆ ನಂಬರಿನ ಕೊನೆಯ ಅಂಕಿ ೯.