ಅಕ್ಕನ ಧಾರೆ, ತಂಗಿಯ ಔಟ್‌ಪಾಸ್

ಊರಿನ ಮನೆಯ ಮುಂದೆ ಚಪ್ಪರ ಏಳುತ್ತಿರುವಾಗ, ನೂರಾರು ಮೈಲಿ ದೂರದ ವಿದ್ಯಾರ್ಥಿನಿಲಯದಲ್ಲಿ ಕುಳಿತ ಹುಡುಗಿಗೆ ಮದುವೆಯ ಮೊದಲ ಶಾಸ್ತ್ರ ಆರಂಭವಾಗುವುದು ವಾರ್ಡನ್ನರ ಮೇಜಿನ ಮುಂದೆ. ಅಲ್ಲಿ ಅಪ್ಪಣೆಯಾಗದ ಹೊರತು ಉಳಿದ ಶಾಸ್ತ್ರಗಳಾವುವೂ ಅವಳ ಪಾಲಿಗಿಲ್ಲ.

ಮೈಸೂರಿನ ಒಂದು ವಿದ್ಯಾರ್ಥಿನಿಲಯದಲ್ಲಿರುವ, ವಿಜ್ಞಾನ ಪದವಿಯ ಎರಡನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳ ಸಂಗತಿಯನ್ನು ನೋಡೋಣ. ಭಾನುವಾರ ಹಾಸನದಲ್ಲಿ ಅವಳ ಅಕ್ಕನ ಮದುವೆ. ಶುಕ್ರವಾರ ಸಂಜೆ 4 ಗಂಟೆಗೆ ಹೊರಡಬೇಕು. ಸೋಮವಾರ ಬೆಳಿಗ್ಗೆ ಪ್ರಾಯೋಗಿಕ ಪರೀಕ್ಷೆಯಿರುವುದರಿಂದ ಭಾನುವಾರ ರಾತ್ರಿಯೇ ಮರಳಬೇಕು. ಹಾಸನದಿಂದ ಮೈಸೂರಿಗೆ ಬಸ್ಸಿನಲ್ಲಿ ಸುಮಾರು 3 ಗಂಟೆಯ ಹಾದಿ. ನಿಲಯದ ಬಾಗಿಲು ಮುಚ್ಚುವುದೋ 7.30ಕ್ಕೆ.

ಅವಳು ಬರೆದ ಅರ್ಜಿಯಲ್ಲಿ ಇದ್ದುದು ಒಂದೇ ಸಾಲು: ‘ಅಕ್ಕನ ಮದುವೆಗಾಗಿ ಎರಡು ದಿನ ಊರಿಗೆ ಹೋಗಲು ಅನುಮತಿ ಕೊಡಬೇಕು.’ ವಾರ್ಡನ್ ಅದನ್ನು ಓದಿ ಹಿಂದಕ್ಕೆ ಸರಿಸಿದರು. ಅದು ಗಡಸುತನವಲ್ಲ. ಅವಳಿಗೆ ಬೇಕಾದುದು ಒಂದಲ್ಲ, ಮೂರು ಅಪ್ಪಣೆಗಳು. ರಾತ್ರಿ ಹೊರಗೆ ತಂಗಲು ಔಟ್‌ಪಾಸ್. ಭಾನುವಾರ ತಡವಾಗಿ ಒಳಬರಲು ಬೇರೆ ಅನುಮತಿ. ಶನಿವಾರದ ತರಗತಿಗೆ ರಜೆ. ಮೂರನೆಯದನ್ನು ಕೊಡುವವರು ವಾರ್ಡನ್ ಅಲ್ಲ, ವಿಭಾಗದ ಮುಖ್ಯಸ್ಥರು. ಔಟ್‌ಪಾಸ್ ದೊರೆತೊಡನೆ ಹಾಜರಿಯೂ ದೊರೆಯಿತೆಂದು ಭ್ರಮಿಸಿದವರಿಗೆ ತಪ್ಪಿನ ಅರಿವಾಗುವುದು ವರ್ಷದ ಕೊನೆಯಲ್ಲಿ, ಹಾಜರಿಯ ಪಟ್ಟಿ ಗೋಡೆಗೆ ಬಿದ್ದಾಗ. ತಡಪ್ರವೇಶದ ಮಾತು ಚೀಟಿಯಲ್ಲಿ ಬೇರೆಯಾಗಿ ಬರೆದಿಲ್ಲದಿದ್ದರೆ ಬಾಗಿಲಿನ ಕಾವಲುಗಾರ ರಾತ್ರಿ 9 ಗಂಟೆಗೆ ಏನು ಮಾಡಿಯಾನು? ಅವನ ಕೈಯಲ್ಲಿರುವುದು ದಿನಾಂಕ ಮಾತ್ರ, ಗಂಟೆ ನಿಯಮದ್ದು.

‘ಧಾರೆ ಬೆಳಿಗ್ಗೆಯೇ ಮುಗಿಯುತ್ತದಲ್ಲಮ್ಮ? ಊಟ ಮುಗಿಸಿ ಹೊರಟರೆ 7ಕ್ಕೆ ಇಲ್ಲಿರಬಹುದು’ ಎಂದರು ವಾರ್ಡನ್.

‘ಅಕ್ಕನನ್ನು ಒಪ್ಪಿಸಿಕೊಡುವುದು 4 ಗಂಟೆಯ ಮೇಲೆ, ಮೇಡಂ. ಆಗ ಅಮ್ಮನ ಪಕ್ಕದಲ್ಲಿ ನಾನಿರಬೇಕು’ ಎಂದಳು ಹುಡುಗಿ.

ವಾರ್ಡನ್ ಮತ್ತೇನೂ ಕೇಳದೆ ಪ್ರವೇಶದ ಅರ್ಜಿಯನ್ನು ತೆಗೆದರು. ಮನೆಯವರೊಡನೆ ಮಾತನಾಡುವಾಗ ವಿದ್ಯಾರ್ಥಿನಿ ಹೇಳಿದ ಸಂಖ್ಯೆಗಲ್ಲ, ಪ್ರವೇಶದ ದಿನ ಬರೆದುಕೊಟ್ಟ ಸಂಖ್ಯೆಗೇ ಕರೆಮಾಡುವುದು ವಾಡಿಕೆ. ಗೆಳೆಯರು ತಂದೆಯ ದನಿಯಲ್ಲಿ ‘ಕಳಿಸಿಕೊಡಿ’ ಎಂದ ಪ್ರಸಂಗಗಳು ಕಲಿಸಿದ ಪಾಠವದು. ಕರೆ ಹೋಗಲಿಲ್ಲ, ಆ ಸಂಖ್ಯೆ ಬಳಕೆಯಲ್ಲಿಲ್ಲವೆಂಬ ಉತ್ತರ ಬಂತು. ಹುಡುಗಿ ತಲೆ ತಗ್ಗಿಸಿದಳು. ಅದು ತಂದೆಯ ಸಂಖ್ಯೆ. ಅವರು ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು. ವರ್ಷದೊಳಗೆ ಮದುವೆಯಾಗಲೆಂದೇ ಹಿರಿಯರು ಅವಸರಪಟ್ಟಿದ್ದರು. ನಿಲಯದ ಕಡತದಲ್ಲಿ ಮಾತ್ರ ತಂದೆ ಇನ್ನೂ ಬದುಕಿದ್ದರು. ತಿದ್ದಿಸಬೇಕೆಂದು ಅವಳಿಗೆ ತೋಚಿರಲಿಲ್ಲ. ತೋಚಿದ್ದರೂ ಕೈ ಬರುತ್ತಿತ್ತೋ ಇಲ್ಲವೋ.

ನಿಯಮ ನಿಂತುಹೋಗುವುದು ಇಂತಹ ಕಡೆಯಲ್ಲಿಯೇ. ವಾರ್ಡನ್ ಕಂಡುಕೊಂಡ ದಾರಿ ಸರಳವಾದುದು. ಪ್ರವೇಶದ ಅರ್ಜಿಯಲ್ಲಿ ತಾಯಿಯ ಸಹಿಯೂ ಇತ್ತು. ತಾಯಿಯಿಂದ ನಾಲ್ಕು ಸಾಲಿನ ಪತ್ರ ಬರೆಯಿಸಿ, ಅದರ ಚಿತ್ರವನ್ನು ಮೊಬೈಲಿಗೆ ತರಿಸಿಕೊಂಡು, ಸಹಿಗಳೆರಡನ್ನೂ ಹೋಲಿಸಿ ನೋಡಿದರು. ಆಮೇಲೆ ತಾಯಿಯೊಡನೆಯೇ ಮಾತನಾಡಿ ಹೊಸ ಸಂಖ್ಯೆಯನ್ನು ಕಡತಕ್ಕೆ ಸೇರಿಸಿದರು.

ಎರಡನೆಯ ಅರ್ಜಿಯಲ್ಲಿ ಹುಡುಗಿ ಬರೆದುದು ಇಷ್ಟು: ಯಾರ ಮದುವೆ, ಯಾವ ಕಲ್ಯಾಣಮಂಟಪ, ಹೊರಡುವ ದಿನ ಮತ್ತು ಗಂಟೆ, ಭಾನುವಾರ 5ರ ಬಸ್ಸು, ಒಳಬರಲು 9.30ರವರೆಗೆ ಅವಕಾಶ, ಬಸ್ ನಿಲ್ದಾಣದಿಂದ ನಿಲಯದವರೆಗೆ ಜೊತೆಗೆ ಬರುವ ಸೋದರಮಾವನ ಹೆಸರು ಮತ್ತು ಸಂಖ್ಯೆ. ಬಸ್ಸು 8ಕ್ಕೆ ತಲುಪಬೇಕಾದರೂ 9.30 ಎಂದು ಕೇಳಿದುದು ಜಾಣತನ. ಕೇಳಿದ ಗಂಟೆ ಮೀರಿದರೆ ಅನುಮತಿಯಿದ್ದೂ ಇಲ್ಲದಂತಾಗುತ್ತದೆ.

‘ಹೆಣ್ಣುಮಕ್ಕಳಿಗೆ ರಾತ್ರಿ ಅನುಮತಿಯಿಲ್ಲ’ ಎಂಬ ಒಂದೇ ಮಾತಿನಿಂದ ಇಂತಹ ಅರ್ಜಿಯನ್ನು ತಳ್ಳಿಹಾಕುವ ಕಾಲವೂ ಇದಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗ 2016ರಲ್ಲಿ ಪ್ರಕಟಿಸಿದ ವಿನಿಯಮಗಳು, ಸುರಕ್ಷತೆಯ ನೆಪದಲ್ಲಿ ಹುಡುಗರಿಗಿಲ್ಲದ ತಾರತಮ್ಯದ ನಿಯಮವನ್ನು ಹುಡುಗಿಯರ ನಿಲಯಕ್ಕೆ ಹೇರಬಾರದೆಂದು ಹೇಳುತ್ತವೆ. ಆದರೆ ಯಾರು ಎಲ್ಲಿದ್ದಾರೆಂದು ತಿಳಿದಿರಬೇಕಾದ ವಾರ್ಡನ್ನರ ಹೊಣೆ ಅದರಿಂದ ಇಳಿಯುವುದಿಲ್ಲ.

ಭಾನುವಾರ ಬಸ್ಸು ಕೃಷ್ಣರಾಜನಗರದ ಬಳಿ ಕೆಟ್ಟು ನಿಂತಿತು. ಹುಡುಗಿ ಅಲ್ಲಿಂದಲೇ ವಾರ್ಡನ್ನರಿಗೆ ಕರೆಮಾಡಿ ತಿಳಿಸಿದಳು. ಬಾಗಿಲಿಗೆ ಬಂದಾಗ 9.20. ಕಾವಲುಗಾರ ಚೀಟಿ ನೋಡಿ, ಪುಸ್ತಕದಲ್ಲಿ ಗಂಟೆ ಬರೆದು ಸಹಿ ಹಾಕಿಸಿಕೊಂಡ. ವಾರ್ಡನ್ನರ ಕೊಠಡಿಯ ದೀಪ ಇನ್ನೂ ಉರಿಯುತ್ತಿತ್ತು.

‘ಅಕ್ಕ ತುಂಬ ಅತ್ತಳೇನಮ್ಮ?’ ಎಂದು ಅವರು ಕೇಳಿದರು.

‘ಅಮ್ಮ ಅಳಲಿಲ್ಲ, ಮೇಡಂ’ ಎಂದು ಹುಡುಗಿ ಮಡಿಲಿನಿಂದ ಮದುವೆಯ ಚಿರೋಟಿಯ ಪೊಟ್ಟಣವನ್ನು ತೆಗೆದು ಮೇಜಿನ ಮೇಲಿಟ್ಟಳು.