ಎತ್ತರ ಕಡಿಮೆಯಿರುವ ಸವಾರರಿಗೆ ಎಂಥ ಬೈಕ್ ಸರಿ?

ಸಿಗ್ನಲ್‌ನಲ್ಲಿ ನಿಂತ ಬೈಕ್ ಒಂದು ಬದಿಗೆ ಉರುಳಬೇಕಾದರೆ ಎರಡು ಸಂಗತಿಗಳು ಕೂಡಬೇಕು. ಊರಿದ ಕಾಲಿಗೆ ನೆಲದ ಮೇಲೆ ಭದ್ರವಾದ ಹಿಡಿತ ಇರಬಾರದು. ವಾಲಿದ ಬೈಕಿನ ಭಾರ ಆ ಕಾಲಿನ ಶಕ್ತಿಯನ್ನು ಮೀರಿರಬೇಕು. ಮೊದಲನೆಯದು ಸೀಟಿನ ಎತ್ತರಕ್ಕೆ ಸೇರಿದ್ದು, ಎರಡನೆಯದು ತೂಕಕ್ಕೆ. ಎತ್ತರ ಕಡಿಮೆಯಿರುವವರು ಬೈಕ್ ಕೊಳ್ಳುವಾಗ ಸಾಮಾನ್ಯವಾಗಿ ಸೀಟಿನ ಎತ್ತರವನ್ನಷ್ಟೇ ವಿಚಾರಿಸುತ್ತಾರೆ. ಆದರೆ ಬೀಳುವ ಭಯ ಕಳೆಯುವುದರಲ್ಲಿ ತೂಕದ ಪಾಲೇ ಹೆಚ್ಚು.

ಆಯ್ಕೆ ಶುರುವಾಗುವುದು ಶೋರೂಮಿನಲ್ಲಲ್ಲ, ಮನೆಯ ಗೋಡೆಯ ಬಳಿ. ಬರಿಗಾಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ನೇರವಾಗಿ ನಿಂತು, ದಪ್ಪನೆಯ ಪುಸ್ತಕವೊಂದನ್ನು ತೊಡೆಗಳ ನಡುವೆ ಮೇಲಕ್ಕೆ ಒತ್ತಿ ಹಿಡಿಯಬೇಕು. ಪುಸ್ತಕದ ಮೇಲಂಚಿನಿಂದ ನೆಲದವರೆಗಿನ ದೂರವೇ ಒಳಗಾಲಿನ ಉದ್ದ. ಒಂದೇ ಎತ್ತರದ ಇಬ್ಬರ ಒಳಗಾಲಿನ ಉದ್ದದಲ್ಲಿ ಮೂರು ನಾಲ್ಕು ಸೆಂ.ಮೀ. ವ್ಯತ್ಯಾಸ ಇರಬಹುದಾದ್ದರಿಂದ, ಬೈಕಿನ ಮಟ್ಟಿಗೆ ಮುಖ್ಯವಾಗುವುದು ಆಳಿನ ಎತ್ತರವಲ್ಲ, ಈ ಅಳತೆ.

ಕಂಪನಿ ಹೇಳುವ ಸೀಟಿನ ಎತ್ತರ ಯಾರೂ ಕೂತಿಲ್ಲದಾಗಿನದು. ಸವಾರ ಕೂತಾಗ ಸಸ್ಪೆನ್ಷನ್ ಕುಗ್ಗಿ ಸೀಟು ಎರಡು ಮೂರು ಸೆಂ.ಮೀ. ಕೆಳಗಿಳಿಯುತ್ತದೆ. ಇದರಿಂದ ಸಿಗುವ ಲಾಭವನ್ನು ಸೀಟಿನ ಅಗಲ ಕಸಿದುಕೊಳ್ಳಬಹುದು. ಸೀಟಿನ ಮುಂಭಾಗ ಅಗಲವಾಗಿದ್ದಷ್ಟೂ ತೊಡೆಗಳು ಹೊರಕ್ಕೆ ಚಾಚಿಕೊಂಡು ಕಾಲು ನೆಲ ಮುಟ್ಟುವ ದೂರ ಹೆಚ್ಚುತ್ತದೆ. ಹೀಗಾಗಿ ಟ್ಯಾಂಕಿನ ಬಳಿ ಕಿರಿದಾದ, ತುಸು ಎತ್ತರದ ಸೀಟು, ತಗ್ಗಾದ ಅಗಲ ಸೀಟಿಗಿಂತ ಅನುಕೂಲವಾಗುವುದುಂಟು.

ಐದು ಅಡಿ, ಅಂದರೆ ಸುಮಾರು 152 ಸೆಂ.ಮೀ. ಎತ್ತರದ, 69 ಸೆಂ.ಮೀ. ಒಳಗಾಲಿನ ಸವಾರರೊಬ್ಬರನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಎರಡೂವರೆ ಸೆಂ.ಮೀ. ದಪ್ಪ ಅಟ್ಟೆಯ ಶೂ ಹಾಕಿದರೆ ಅವರ ಕಾಲಿನ ಉದ್ದ 71.5 ಸೆಂ.ಮೀ. ಆಗುತ್ತದೆ. ಬಜಾಜ್ ಅವೆಂಜರ್ ಸ್ಟ್ರೀಟ್ 160ರ ಸೀಟಿನ ಎತ್ತರ 737 ಮಿ.ಮೀ., ತೂಕ 156 ಕಿಲೋ. ಹೀರೋ ಸ್ಪ್ಲೆಂಡರ್ ಪ್ಲಸ್‌ನ ಸೀಟು 785 ಮಿ.ಮೀ., ತೂಕ 112 ಕಿಲೋ. ಸಸ್ಪೆನ್ಷನ್ ಎರಡೂವರೆ ಸೆಂ.ಮೀ. ಕುಗ್ಗುತ್ತದೆ ಎಂದು ಹಿಡಿದರೆ ಅವೆಂಜರ್‌ನ ಸೀಟು 71.2 ಸೆಂ.ಮೀ.ಗೆ ಬರುತ್ತದೆ, ಸೀಟು ಅಗಲವಾದರೂ ಎರಡೂ ಪಾದಗಳು ಹೆಚ್ಚುಕಡಿಮೆ ಪೂರ್ತಿ ಊರುತ್ತವೆ. ಸ್ಪ್ಲೆಂಡರ್‌ನಲ್ಲಿ ಸೀಟು 76 ಸೆಂ.ಮೀ.ನಲ್ಲಿ ನಿಲ್ಲುವುದರಿಂದ ಎರಡೂ ಕಾಲು ಒಟ್ಟಿಗೆ ಊರಿದರೆ ಹಿಮ್ಮಡಿಗಳು ಮೇಲೇಳುತ್ತವೆ. ಆದರೆ ಸೊಂಟವನ್ನು ಎಡಕ್ಕೆ ತುಸು ಜರುಗಿಸಿ ಕೂತರೆ ಎಡಪಾದ ಒಂದೇ ಪೂರ್ತಿಯಾಗಿ ನೆಲಕ್ಕೆ ಬರುತ್ತದೆ. ನಿಲ್ಲುವುದಕ್ಕೆ ಅಷ್ಟು ಸಾಕು. ಬಲಗಾಲು ಹೇಗೂ ಹಿಂದಿನ ಬ್ರೇಕಿನ ಮೇಲಿರಬೇಕು.

ಇನ್ನು ತೂಕದ ಲೆಕ್ಕ. ಬೈಕಿನ ಗುರುತ್ವ ಕೇಂದ್ರ ನೆಲದಿಂದ ಸುಮಾರು ಅರ್ಧ ಮೀಟರ್ ಮೇಲಿದೆ, ಅದನ್ನು ಸೀಟಿನ ಮಟ್ಟದಲ್ಲಿ ತಡೆದು ಹಿಡಿಯಬೇಕು ಎಂದುಕೊಂಡರೆ, ಹತ್ತು ಡಿಗ್ರಿ ವಾಲಿದ 112 ಕಿಲೋ ಬೈಕನ್ನು ತಡೆಯಲು ಸುಮಾರು 12 ಕಿಲೋ ಬಲ ಬೇಕು. 156 ಕಿಲೋ ಬೈಕಿಗೆ 17, ರಾಯಲ್ ಎನ್‌ಫೀಲ್ಡ್ ಮೀಟಿಯರ್ 350ರಂಥ 191 ಕಿಲೋ ಬೈಕಿಗೆ 21 ಕಿಲೋ. ಇಷ್ಟನ್ನು ಯಾರಾದರೂ ತಡೆದಾರು. ವಾಲುವಿಕೆ ಮೂವತ್ತು ಡಿಗ್ರಿ ಮುಟ್ಟಿದಾಗ ಇದೇ ಅಂಕಿಗಳು 35, 49 ಮತ್ತು 60 ಕಿಲೋಗೆ ಏರುತ್ತವೆ. ಮೀಟಿಯರ್‌ನ ಸೀಟು 765 ಮಿ.ಮೀ. ಎತ್ತರದಲ್ಲಿದ್ದು ಸ್ಪ್ಲೆಂಡರ್‌ಗಿಂತ ತಗ್ಗು. ಆದರೂ ಕೈಮೀರಿ ವಾಲಿದಾಗ ಎತ್ತಿ ನಿಲ್ಲಿಸುವುದು ಅದರಲ್ಲೇ ಕಷ್ಟ. ತಗ್ಗು ಸೀಟು ವಾಲುವ ಮೊದಲು ನೆರವಾಗುತ್ತದೆ, ಹಗುರ ತೂಕ ವಾಲಿದ ಮೇಲೂ ನೆರವಾಗುತ್ತದೆ.

ಆದ್ದರಿಂದ ಊರಿನೊಳಗೆ ಹತ್ತಾರು ಕಡೆ ನಿಂತು ಹೊರಡಬೇಕಾದ ಹೊಸ ಸವಾರರಿಗೆ 100ರಿಂದ 125 ಕಿಲೋ ತೂಕದ, 780-790 ಮಿ.ಮೀ. ಸೀಟಿನ ಬೈಕ್‌ಗಳೇ ಮೊದಲ ಆಯ್ಕೆಯಾಗಬೇಕು. ಸ್ಪ್ಲೆಂಡರ್ ಜೊತೆಗೆ 99 ಕಿಲೋ ತೂಕದ, 786 ಮಿ.ಮೀ. ಸೀಟಿನ ಹೋಂಡಾ ಶೈನ್ 100 ಈ ಗುಂಪಿಗೆ ಸೇರುತ್ತದೆ. ಒಂದು ಪಾದವೂ ಪೂರ್ತಿ ಊರದಷ್ಟು ಒಳಗಾಲು ಚಿಕ್ಕದಿದ್ದರೆ, ಇಲ್ಲವೇ ಹೆದ್ದಾರಿಯ ಓಡಾಟವೇ ಹೆಚ್ಚಿದ್ದರೆ ಅವೆಂಜರ್ ನೋಡಬಹುದು. ಆದರೆ ಅದರಲ್ಲಿ ಕಾಲಿಡುವ ಜಾಗ ಮುಂದಿದೆ. ಕಾಲು ಗಿಡ್ಡವಿದ್ದವರು ಬ್ರೇಕ್ ತುಳಿಯಲು ಮುಂದಕ್ಕೆ ಜಾರಬೇಕಾಗುತ್ತದೆಯೇ, ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ದೂರದ ಕೈಗೆ ಹಿಡಿ ಎಟುಕುತ್ತದೆಯೇ ಎಂದು ಕೂತೇ ತಿಳಿಯಬೇಕು.

ಶೋರೂಮಿಗೆ ದಿನವೂ ಹಾಕುವ ಶೂ ಹಾಕಿಕೊಂಡೇ ಹೋಗಬೇಕು. ಸೆಂಟರ್ ಸ್ಟ್ಯಾಂಡಿನಲ್ಲಿ ನಿಂತ ಬೈಕಿನ ಮೇಲೆ ಕೂತು ನೋಡಿದರೆ ಏನೂ ತಿಳಿಯದು. ಸ್ಟ್ಯಾಂಡ್ ತೆಗೆದು, ಒಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಬಲಗಾಲನ್ನು ಬ್ರೇಕಿನ ಮೇಲಿಟ್ಟು ಎಡಗಾಲೊಂದರಲ್ಲೇ ಅರ್ಧ ನಿಮಿಷ ನಿಲ್ಲಬೇಕು. ಆಗ ಕಾಲು ನಡುಗಿದರೆ ಆ ಬೈಕ್ ಬೇಡ. ಬಳಿಕ ಕೂತಲ್ಲಿಂದಲೇ ಕಾಲಿನಿಂದ ನೆಲವನ್ನು ಒತ್ತುತ್ತ ನಾಲ್ಕು ಹೆಜ್ಜೆ ಹಿಂದಕ್ಕೆ ಸರಿಸಿ ನೋಡಬೇಕು. ತುದಿಗಾಲಿಗೆ ನಿಲ್ಲುವಷ್ಟು ಶಕ್ತಿ ಇದ್ದರೂ ಬೈಕನ್ನು ಹಿಂದಕ್ಕೆ ತಳ್ಳುವಷ್ಟು ಶಕ್ತಿ ಇರುವುದಿಲ್ಲ. ಕಾಲು ನೇರವಾಗಿ ಇಳಿಯುವ ಜಾಗದಲ್ಲೇ ಫುಟ್‌ರೆಸ್ಟ್ ಇದ್ದು ಮೀನಖಂಡಕ್ಕೆ ತಾಗುತ್ತದೆಯೇ ಎಂಬುದೂ ಆಗ ಗೊತ್ತಾಗುತ್ತದೆ.

ಶೋರೂಮಿನ ನೆಲ ಸಮತಟ್ಟು, ರಸ್ತೆ ಹಾಗಲ್ಲ. ಮಳೆ ನೀರು ಹರಿದುಹೋಗಲೆಂದು ರಸ್ತೆಯ ನಡುಭಾಗವನ್ನು ಎತ್ತರಿಸಿ ಅಂಚುಗಳನ್ನು ಇಳಿಜಾರು ಮಾಡಿರುತ್ತಾರೆ. ಎಡಬದಿಯಲ್ಲೇ ಓಡಿಸುವ ನಮ್ಮಲ್ಲಿ, ಊರುವ ಎಡಗಾಲಿಗೇ ತಗ್ಗಿನ ನೆಲ ಸಿಗುತ್ತದೆ. ಡಾಂಬರಿನ ಅಂಚು ಒಡೆದಿದ್ದರೆ ಪಾದಕ್ಕೆ ಇನ್ನೂ ಐದಾರು ಸೆಂ.ಮೀ. ಕೊರತೆ ಬೀಳುತ್ತದೆ. ನಿಲ್ಲುವಾಗ ಅಂಚಿಗೆ ಅಂಟಿಕೊಳ್ಳದೆ ತನ್ನ ಸಾಲಿನ ಸಮತಟ್ಟಾದ ಭಾಗವನ್ನು, ಮರಳು ಇಲ್ಲದ ಜಾಗವನ್ನು ಮೊದಲೇ ನೋಡಿಕೊಂಡರೆ ಈ ಕೊರತೆ ತಪ್ಪುತ್ತದೆ. ಹ್ಯಾಂಡಲ್ ತಿರುಗಿಸಿರುವಾಗ ನಡಿಗೆಯ ವೇಗದಲ್ಲಿ ಮುಂದಿನ ಬ್ರೇಕ್ ಹಿಡಿದರೆ ಬೈಕ್ ತಿರುಗಿದ ಬದಿಗೇ ಥಟ್ಟನೆ ಮಗುಚುತ್ತದೆ. ಹ್ಯಾಂಡಲ್ ನೇರ ಮಾಡಿ, ಕೊನೆಯ ಒಂದೆರಡು ಅಡಿಯನ್ನು ಹಿಂದಿನ ಬ್ರೇಕಿನಲ್ಲಿ ನಿಲ್ಲಿಸುವುದು ಕ್ಷೇಮ.

ಕೊಂಡ ಬೈಕನ್ನು ತುಸು ತಗ್ಗಿಸಲೂ ಬರುತ್ತದೆ. ಹಿಂದಿನ ಶಾಕ್ ಅಬ್ಸಾರ್ಬರ್‌ನ ಬಿಗಿಯನ್ನು ಕಡಿಮೆ ಮಾಡಿದರೆ ಸುಮಾರು ಒಂದು ಸೆಂ.ಮೀ. ಸಿಗುತ್ತದೆ, ಹಿಂದೆ ಯಾರಾದರೂ ಕೂರುವುದಾದರೆ ಅದನ್ನು ಮತ್ತೆ ಬಿಗಿ ಮಾಡಬೇಕು. ಸೀಟ್ ಕೆಲಸದವರಲ್ಲಿ ಫೋಮ್ ಕೊಯ್ಸಿ, ಮುಂಭಾಗದ ಅಂಚುಗಳನ್ನು ಕಿರಿದು ಮಾಡಿಸಿದರೆ ಎರಡರಿಂದ ಮೂರು ಸೆಂ.ಮೀ. ಇಳಿಯುತ್ತದೆ. ಅದಕ್ಕಿಂತ ಹೆಚ್ಚು ಕೊಯ್ಸಿದರೆ ಅಡಿಯ ತಟ್ಟೆ ಒತ್ತಿ, ದೂರದ ಓಡಾಟದಲ್ಲಿ ಕೂರಲಾಗದು. ಸಸ್ಪೆನ್ಷನ್ನನ್ನೇ ಗಿಡ್ಡ ಮಾಡಿಸುವುದು ಮಾತ್ರ ಬೇಡ. ಬೈಕಿನ ಹೊಟ್ಟೆ ಹಂಪ್‌ಗಳಿಗೆ ಉಜ್ಜುವುದಲ್ಲದೆ, ಸೈಡ್ ಸ್ಟ್ಯಾಂಡ್ ಉದ್ದವೆನಿಸಿ ನಿಲ್ಲಿಸಿಟ್ಟ ಬೈಕ್ ಬಲಕ್ಕೆ ಬೀಳುವ ಅಪಾಯವಿದೆ.

ಕಾಲಿಗೆ ಕ್ರ್ಯಾಷ್ ಗಾರ್ಡ್ ಹಾಕಿಸುವುದು ಕೊನೆಯ ಎಚ್ಚರಿಕೆ. ಬೈಕ್ ತಡೆಯಲಾರದಷ್ಟು ವಾಲಿದ ಮೇಲೆ ಅದರ ಜೊತೆ ಹೋರಾಡಿದರೆ ಬೆನ್ನು ಇಲ್ಲವೇ ಮಣಿಕಟ್ಟು ಉಳುಕುತ್ತದೆ. ಗಾರ್ಡ್ ಇದ್ದಾಗ ಬೈಕ್ ಪೂರ್ತಿ ಮಲಗದೆ ಅದರ ಮೇಲೆ ನಿಲ್ಲುತ್ತದೆ, ಕಾಲು ಅಡಿಗೆ ಸಿಕ್ಕಿಕೊಳ್ಳದೆ ಉಳಿಯುತ್ತದೆ, ಸವಾರರು ಕೈಬಿಟ್ಟು ಪಕ್ಕಕ್ಕೆ ಸರಿಯಬಹುದು. 112 ಕಿಲೋ ಬೈಕಾದರೆ ಆಮೇಲೆ ಅದನ್ನು ಒಬ್ಬರೇ ಎತ್ತಿ ನಿಲ್ಲಿಸಬಹುದು.